ಸಾವಿಗೆ ಮುಂಚಿನ ಗಾಯ

ಕೌಸಲ್ಯಾಬಾಯಿ ಭಾತಂಬ್ರಾದ ಹುಡುಗಿ. ಭಾಲ್ಕಿಯಲ್ಲಿ ಬಿ.ಎ. ಮಾಡಿ, ಟೈಪಿಂಗ್ ಕಲಿತು, ಬೀದರಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಾಗ ಅವಳ ಓಣಿಯಲ್ಲಿ ಸರಕಾರಿ ನೌಕರಿಗೆ ಹೋದ ಮೊದಲ ಹೆಣ್ಣು ಅವಳೇ. ಮದುವೆಯಾಗಿ ಮೈಲೂರಿನಲ್ಲಿ ಮನೆ ಮಾಡಿದಳು. ಯಾವ ವಿಭಾಗದಲ್ಲಿ ಕೆಲಸ ಎಂದು ನೆಂಟರು ಕೇಳಿದರೆ ಮಾತ್ರ ಸ್ವಲ್ಪ ತಡೆದು ಹೇಳುತ್ತಿದ್ದಳು. ಅವಳ ಮೇಜು ಇದ್ದದ್ದು ಶವಾಗಾರದ ಪಕ್ಕದ ಕೋಣೆಯಲ್ಲಿ.

ಶವಪರೀಕ್ಷೆ ಮಾಡುತ್ತಿದ್ದವರು ಡಾಕ್ಟರ್ ಶಿವರಾಜಪ್ಪ. ಅವರ ಕೈ ಕೆಲಸದಲ್ಲಿರುತ್ತಿದ್ದುದರಿಂದ ಕಂಡದ್ದನ್ನೆಲ್ಲ ಬಾಯಲ್ಲಿ ಹೇಳುತ್ತಾ ಹೋಗುತ್ತಿದ್ದರು. ಪಕ್ಕದಲ್ಲಿಟ್ಟ ರೆಕಾರ್ಡರ್ ಅದನ್ನು ಹಿಡಿದುಕೊಳ್ಳುತ್ತಿತ್ತು. ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ನಡುವೆ ಸಹಾಯಕನಿಗೆ ಹೇಳಿದ ಮಾತು, ಕೆಮ್ಮು, ನೀರು ಬಿಟ್ಟ ಸದ್ದು, ಎಡ ಅಂದದ್ದನ್ನು ಬಲ ಎಂದು ತಿದ್ದಿದ್ದು, ಎಲ್ಲವೂ ಅದರಲ್ಲಿ ಇರುತ್ತಿತ್ತು. ಕೌಸಲ್ಯಾಬಾಯಿ ಅದನ್ನು ಕಿವಿಗೆ ಹಚ್ಚಿಕೊಂಡು ಕೇಳಿ, ಬೇಡದ್ದನ್ನು ಬಿಟ್ಟು, ಬೇಕಾದ್ದನ್ನು ಮೂರು ಕಡೆ ಹಂಚಬೇಕು. ಮೊದಲು ದೇಹದ ಹೊರಗೆ ಕಂಡದ್ದು, ಆಮೇಲೆ ಒಳಗೆ ಕಂಡದ್ದು, ಕೊನೆಗೆ ಸಾವಿನ ಕಾರಣದ ಬಗ್ಗೆ ವೈದ್ಯರ ಅಭಿಪ್ರಾಯ. ಅವಳ ಕಂಪ್ಯೂಟರಿನಲ್ಲಿ ಒಂದು ತಯಾರು ನಮೂನೆ ಇತ್ತು. ಪ್ರತಿ ವರದಿಗೂ ಬರುವ ಸಾಲುಗಳು ಅದರಲ್ಲಿ ಮೊದಲೇ ಇರುತ್ತಿದ್ದವು. ಗಾಯಗಳ ಪಟ್ಟಿಯ ಕೆಳಗೆ ಒಂದು ಸಾಲು: ‘ಮೇಲಿನ ಗಾಯಗಳು ಸಾವಿಗೆ ಮುಂಚಿನವು.’ ಸಾಮಾನ್ಯವಾಗಿ ಅದು ಹಾಗೆಯೇ ಇರುತ್ತಿದ್ದರಿಂದ ಅವಳ ಕಣ್ಣು ಅದರ ಮೇಲೆ ನಿಲ್ಲುವುದನ್ನೇ ಬಿಟ್ಟಿತ್ತು.

ಅದು ಮಾಂಜ್ರಾ ನದಿ ಬತ್ತಿ, ಲಾತೂರಿಗೆ ರೈಲಿನಲ್ಲಿ ನೀರು ಹೋದ ವರ್ಷ. ಔರಾದ ಕಡೆ ಊರೂರಿಗೆ ಟ್ಯಾಂಕರ್ ಬರುತ್ತಿತ್ತು. ಬಂದ ನೀರನ್ನು ಊರ ಬಾವಿಗೆ ಸುರಿದು ಹೋಗುತ್ತಿದ್ದರು. ಜನ ಅಲ್ಲಿಂದ ಸೇದಿಕೊಳ್ಳಬೇಕು. ಅಂಥ ಒಂದು ಊರಿನಲ್ಲಿ ಸುಂದರಬಾಯಿ ಎಂಬ ಇಪ್ಪತ್ತಾರರ ಹೆಂಗಸು, ಗದ್ದಲವಾಗುವ ಮುಂಚೆ ನೀರು ತರುತ್ತೇನೆಂದು ನಸುಕಿನಲ್ಲೇ ಹೋದವಳು ಬಾವಿಗೆ ಬಿದ್ದಳು. ಮದುವೆಯಾಗಿ ಏಳು ವರ್ಷ ತುಂಬಿರಲಿಲ್ಲವಾದ್ದರಿಂದ ತಹಸೀಲ್ದಾರರು ಬಂದು ಪಂಚನಾಮೆ ಮಾಡಿದರು. ಶವವನ್ನು ಬೀದರಿಗೆ ತಂದರು.

ಆ ದಿನ ಭಾತಂಬ್ರಾದಲ್ಲಿ ಕೌಸಲ್ಯಾಬಾಯಿಯ ತಂಗಿ ಕೇಶರಬಾಯಿ ಮನೆಗೆ ಬೀಗ ಹಾಕಿ, ಗಂಡ ಮಕ್ಕಳೊಂದಿಗೆ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಹೊರಟಿದ್ದಳು. ರೈಲು ಬೀದರಿಗೆ ಬಂದಾಗ ಸ್ಟೇಷನ್ನಿನಲ್ಲಿ ಅವಳನ್ನು ಕಂಡು ಕಳಿಸಬೇಕೆಂದು ಕೌಸಲ್ಯಾಬಾಯಿಗೆ ಬೆಳಗಿನಿಂದ ಅವಸರ. ಆದರೆ ಪೊಲೀಸರಿಗೂ ವರದಿ ಅಂದೇ ಬೇಕಾಗಿತ್ತು. ರೆಕಾರ್ಡಿಂಗ್ ಕೇಳುತ್ತಾ ಟೈಪ್ ಮಾಡಿದಳು. ಹೊರಗೆ: ಮೂಗು ಬಾಯಲ್ಲಿ ಸಣ್ಣ ಬಿಳಿ ನೊರೆ, ಅಂಗೈ ಅಂಗಾಲು ನೆನೆದು ಸುಕ್ಕಾಗಿವೆ, ಬಲಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದ ಪಾಚಿ, ತಲೆಯ ಹಿಂಭಾಗದಲ್ಲಿ ಮೂರು ಸೆಂಟಿಮೀಟರ್ ಉದ್ದದ ಹರಿದ ಗಾಯ. ಒಳಗೆ: ಶ್ವಾಸನಾಳದಲ್ಲಿ ನೊರೆ, ಪುಪ್ಪುಸಗಳು ಉಬ್ಬಿ ಮೇಲೆ ಪಕ್ಕೆಲುಬಿನ ಗುರುತು ಮೂಡಿದೆ, ಹೊಟ್ಟೆಯಲ್ಲಿ ಕೆಸರುನೀರು. ರೆಕಾರ್ಡಿಂಗಿನ ಕೊನೆಯ ಭಾಗ ತಲೆಯದ್ದು. ತಲೆಬುರುಡೆ ಒಡೆದಿಲ್ಲ, ಮೆದುಳು ಸಹಜ ಎಂಬಷ್ಟು ಕೇಳಿಸಿತು. ಅಲ್ಲಿಂದ ಮುಂದೆ ಡಾಕ್ಟರು ಸಹಾಯಕನೊಡನೆ ಮಾತಾಡುತ್ತಿದ್ದಾರೆಂದುಕೊಂಡು ರೆಕಾರ್ಡಿಂಗನ್ನು ಮುಂದಕ್ಕೆ, ಅಭಿಪ್ರಾಯದ ಮಾತಿಗೆ ಓಡಿಸಿದಳು. ಅಭಿಪ್ರಾಯ: ನೀರಿನಲ್ಲಿ ಮುಳುಗಿ ಉಸಿರುಕಟ್ಟಿ ಸಾವು, ಒಳಾಂಗಗಳ ಭಾಗಗಳನ್ನು ರಾಸಾಯನಿಕ ಪರೀಕ್ಷೆಗೆ ಕಳಿಸಿದೆ. ಡಾಕ್ಟರರ ಮುಂದೆ ಇನ್ನೂ ಎರಡು ಶವ ಇದ್ದವು. ಅವರು ಕೊನೆಯ ಪುಟ ಅಷ್ಟೇ ಓದಿ ಸಹಿ ಹಾಕಿದರು. ಕೌಸಲ್ಯಾಬಾಯಿಗೆ ರೈಲು ಸಿಕ್ಕಿತು. ತಂಗಿಯ ಮಕ್ಕಳ ಕೈಗೆ ಶೇಂಗಾ ಚಿಕ್ಕಿ ಕೊಟ್ಟು ಕಳಿಸಿ, ಬರುವಾಗ ದಾರಿಯುದ್ದಕ್ಕೂ ಅತ್ತಳು.

ರಾಸಾಯನಿಕ ಪರೀಕ್ಷೆಯ ಫಲಿತಾಂಶ ಬಂತೇ ಎಂದು ಕೇಳಲು ಹೆಡ್ ಕಾನ್‌ಸ್ಟೇಬಲ್ ಅಬ್ದುಲ ಮಜೀದ ಬಂದದ್ದು ಎರಡು ತಿಂಗಳಾದ ಮೇಲೆ. ಚಹಾ ಕುಡಿಯುತ್ತಾ, ಸುಂದರಬಾಯಿಯ ಗಂಡ ಗೋರಖನಾಥ ಜೈಲಿನಲ್ಲಿದ್ದಾನೆಂದು ಹೇಳಿದ. ಸಾಯುವ ಹಿಂದಿನ ರಾತ್ರಿ ಗಂಡ ಹೆಂಡತಿಗೆ ಜಗಳವಾಗಿತ್ತಂತೆ. ಹೈದರಾಬಾದಿಗೆ ಹೋಗೋಣ ಎಂದು ಅವನು, ಮಗುವನ್ನು ಕಟ್ಟಿಕೊಂಡು ಬರುವುದಿಲ್ಲ ಎಂದು ಅವಳು. ಅವಳ ಅಣ್ಣ ಫಿರ್ಯಾದು ಕೊಟ್ಟ. ವರದಿಯಲ್ಲಿ ತಲೆಯ ಹಿಂದೆ ಗಾಯ, ಅದೂ ಸಾವಿಗೆ ಮುಂಚಿನದು. ಹೊಡೆದು ಬಾವಿಗೆ ನೂಕಿದ್ದಾನೆ ಎಂದು ಕೇಸಾಯಿತು.

“ಅಂವಾ ಏನಂತಾನ್ರಿ?” ಎಂದು ಕೇಳಿದಳು.

“ಅಂವಾ ಒಂದs ಮಾತು ಹೇಳ್ತಾನ್ರಿ. ಬರಲಿಲ್ಲಂತ ಬಾವಿಗಿ ಹೋದೆ, ಕೊಡ ತೆಗೆಯೋ ಗಾಳ ಹಾಕಿ ಆಕಿನ್ನ ಎತ್ತಲಾಕ ನೋಡಿದೆ, ಅದು ತಲಿಗಿ ಸಿಕ್ಕಿತು ಅಂತಾನ. ಊರಾಗ ಒಬ್ಬರೂ ಹೌದು ಅನ್ನಲ್ಲ, ಪೊಲೀಸರಿಗಿ ಹೆದರ್ತಾರ. ನಿಮ್ಮ ಕಾಗದ ಬ್ಯಾರೇನೇ ಹೇಳ್ತದಲ್ರಿ.”

ಮಜೀದ ಹೋದ ಮೇಲೆ ಅವಳು ಆ ರೆಕಾರ್ಡಿಂಗನ್ನು ಹುಡುಕಿ ಮೊದಲಿನಿಂದ ಕೇಳಿದಳು. ಗಾಯ ಕಂಡಾಗಲೇ ಡಾಕ್ಟರು ಹೇಳಿದ್ದರು: ಅಂಚು ಬಿಳಿಚಿಕೊಂಡಿದೆ, ಆದರೆ ನೀರಿನಲ್ಲಿ ರಕ್ತ ತೊಳೆದು ಹೋಗಿರಲೂಬಹುದು, ಒಳಗೆ ನೋಡಿ ಹೇಳುತ್ತೇನೆ. ಅಂದಿನ ಅವಸರದಲ್ಲಿ ಅವಳು ಅದನ್ನು ಗಮನಿಸಿರಲಿಲ್ಲ. ಎದೆ, ಹೊಟ್ಟೆ ಮುಗಿಸಿ, ಎಲ್ಲಕ್ಕಿಂತ ಕೊನೆಗೆ ನೆತ್ತಿಯ ಚರ್ಮ ಬಿಡಿಸಿದಾಗ, ಮೆದುಳು ಸಹಜ ಎಂದ ಮೇಲೆ, ನೀರಿನ ಸದ್ದಿನ ನಡುವೆ ಮತ್ತೆ ಹೇಳಿದ್ದರು: ಗಾಯದ ಕೆಳಗಿನ ಪದರಗಳಲ್ಲಿ ಎಲ್ಲಿಯೂ ರಕ್ತ ಇಳಿದಿಲ್ಲ, ಇದು ಸಾವಿನ ನಂತರದ ಗಾಯ, ಮೇಲೆತ್ತುವಾಗ ಆಗಿರಬಹುದು, ಬೇರೆ ಬರೆಯಿರಿ. ಅವಳು ಓಡಿಸಿದ್ದು ಅದನ್ನೇ. ನಮೂನೆಯ ಸಾಲು ತನ್ನಷ್ಟಕ್ಕೆ ತಾನು ಉಳಿದಿತ್ತು.

ಅವಳು ಕೂಡಲೇ ಡಾಕ್ಟರರ ಬಳಿ ಹೋಗಲಿಲ್ಲ. ಹೋಗಬೇಕೆಂದು ಎದ್ದಳು, ಬಾಗಿಲ ತನಕ ನಡೆದಳು, ತಿರುಗಿ ಬಂದಳು. ನೌಕರಿಯ ಭಯ ಒಂದು. ಇಷ್ಟು ವರ್ಷ ಕೆಲಸದಲ್ಲಿ ತಪ್ಪಿಲ್ಲದವಳು ಎನ್ನಿಸಿಕೊಂಡ ಹೆಸರು ಹೋಗುವ ಭಯ ಇನ್ನೊಂದು. ಮನೆಯಲ್ಲಿ ಅನ್ನಕ್ಕೆ ಉಪ್ಪು ಹಾಕಿದ್ದೇನೋ ಇಲ್ಲವೋ ತಿಳಿಯುತ್ತಿರಲಿಲ್ಲ. ಗಂಡ ಕೇಳಿದರೆ ಬಿಸಿಲು ಎಂದಳು. ಭಾನುವಾರ ಯಾರಿಗೂ ಹೇಳದೆ ಔರಾದ ಬಸ್ಸು ಹತ್ತಿದಳು. ಹೋಗಿ ಏನು ಮಾಡಬೇಕೆಂದು ಅವಳಿಗೇ ಗೊತ್ತಿರಲಿಲ್ಲ.

ಆ ಊರಿನ ಅರ್ಧ ಮನೆಗಳಿಗೆ ಬೀಗ. ಗೋರಖನಾಥನ ತಾಯಿ ಶಾಂತಾಬಾಯಿ ಬಾಗಿಲಲ್ಲಿ ಮೊಮ್ಮಗಳ ತಲೆ ಬಾಚುತ್ತಿದ್ದಳು. ಬೀದರದ ದವಾಖಾನೆಯಿಂದ ಬಂದೇನಿ ಎಂದಷ್ಟೇ ಕೌಸಲ್ಯಾಬಾಯಿ ಹೇಳಿದಳು. ಮುದುಕಿ ಬೇರೇನೂ ಕೇಳದೆ ಒಳಗೆ ಹೋಗಿ ತುಂಬಿದ ತಂಬಿಗೆ ನೀರು ತಂದು ಮುಂದಿಟ್ಟಳು. ಆ ಬೇಸಿಗೆಯಲ್ಲಿ, ಆ ಊರಿನಲ್ಲಿ. ಬೇಡವೆಂದರೆ ಅವಮಾನ. ಅವಳು ಕುಡಿದಳು. ಶಾಂತಾಬಾಯಿ ತನ್ನಷ್ಟಕ್ಕೆ ಹೇಳತೊಡಗಿದಳು: ಮಗನನ್ನು ಕಾಣಲು ಜೈಲಿಗೆ ಹೋಗಿದ್ದಳಂತೆ, ಅವನು ಊಟ ಬಿಟ್ಟಿದ್ದಾನಂತೆ, ವಕೀಲರು ವರದಿ ಓದಿ ಹೇಳಿದ ದಿನದಿಂದ ಮಾತೂ ಕಡಿಮೆಯಂತೆ. ಸೊಸೆ ಒಳ್ಳೆಯವಳಿದ್ದಳು ಎಂದಳು. ಕೌಸಲ್ಯಾಬಾಯಿ ತನ್ನ ತಪ್ಪನ್ನು ಹೇಳದೆಯೇ ಮಗುವಿನ ಕೆನ್ನೆ ಮುಟ್ಟಿ ಎದ್ದು ಬಂದಳು.

ಸೋಮವಾರ ಡಾಕ್ಟರರ ಕೋಣೆಗೆ ಹೋಗಿ ರೆಕಾರ್ಡರನ್ನು ಮೇಜಿನ ಮೇಲಿಟ್ಟು ಹಚ್ಚಿದಳು. ಪಕ್ಕದಲ್ಲಿ ವರದಿಯ ಪ್ರತಿ ಇಟ್ಟಳು. ಶಿವರಾಜಪ್ಪ ಎರಡು ಸಲ ಕೇಳಿದರು. ಮುಖ ಕಪ್ಪಿಟ್ಟಿತು. ಸಹಿ ತಮ್ಮದು ಎಂದರು. ಆಮೇಲೆ, ನ್ಯಾಯಾಲಯಕ್ಕೆ ಸಾಕ್ಷಿಗೆ ಕರೆದಾಗ ಬಾಯಲ್ಲೇ ಸರಿಪಡಿಸಿದರಾಗದೇ, ಈಗಲೇ ಬರೆದು ಕೊಟ್ಟರೆ ಇಬ್ಬರ ಮೇಲೂ ವಿಚಾರಣೆ ಬರುತ್ತದೆ ಎಂದರು.

“ಸಾಕ್ಷಿ ಕರಿಯೋ ಹೊತ್ತಿಗಿ ಎಷ್ಟು ವರ್ಷ ಆಗ್ತಾವೋ ಯಾರಿಗಿ ಗೊತ್ತದ್ರಿ ಸಾಹೇಬ್ರ. ಅಂವಾ ಒಳಗ ಹಾನ. ನೀವು ಬರಿಯಲ್ಲಂದ್ರ ನಾ ಹೋಗಿ ಮಜೀದ ಅವರಿಗಿ ಹೇಳ್ತೇನಿ. ತಪ್ಪು ನಂದು ಅಂತೇ ಹೇಳ್ತೇನಿ.”

ಡಾಕ್ಟರು ವರದಿಯ ಪ್ರತಿಯನ್ನು ತಮ್ಮ ಕಡೆ ಎಳೆದುಕೊಂಡರು. “ಬರೇ ನಿಮ್ಮದಲ್ಲ. ನಾ ಓದಬೇಕಾಗಿತ್ತು,” ಎಂದರು.

ಕೊಟ್ಟ ವರದಿಯನ್ನು ಹರಿದು ಹೊಸದು ಕೊಡುವಂತಿರಲಿಲ್ಲ. ಅದು ಹಾಗೆಯೇ ಇರಬೇಕು, ತಿದ್ದುಪಡಿ ಬೇರೆಯಾಗಿ ಹೋಗಬೇಕು. ಡಾಕ್ಟರು ತನಿಖಾಧಿಕಾರಿಗೆ ವರದಿಯಲ್ಲಿ ತಪ್ಪಾಗಿದೆ ಎಂದು ಬರೆದರು. ಅಲ್ಲಿಂದ ಗಾಯದ ಬಗ್ಗೆ ಲಿಖಿತ ಪ್ರಶ್ನೆ ಬಂತು. ಉತ್ತರವನ್ನು ಅವಳೇ ಟೈಪ್ ಮಾಡಿದಳು. ಹೊರಗಿನ ಪರೀಕ್ಷೆಯಲ್ಲಿ ಗಾಯದ ಅಂಚಿನ ಬಣ್ಣ, ಒಳಗಿನ ಪರೀಕ್ಷೆಯಲ್ಲಿ ರಕ್ತ ಇಳಿಯದ ಪದರಗಳು, ಅಭಿಪ್ರಾಯದಲ್ಲಿ ಗಾಯ ಸಾವಿನ ನಂತರದ್ದು, ಗಾಳದಿಂದ ಆಗಲು ಸಾಧ್ಯವಿದೆ, ಸಾವು ಮುಳುಗಿದ್ದರಿಂದಲೇ. ಮೊದಲ ವರದಿಯ ಸಾಲು ಹೇಗೆ ತಪ್ಪಿತು ಎಂಬುದನ್ನೂ ಬರೆಸಿ, ರೆಕಾರ್ಡಿಂಗಿನ ಪ್ರತಿ ಜೊತೆಗಿಟ್ಟು, ಡಾಕ್ಟರು ಪ್ರತಿ ಪುಟ ಬೆರಳಿಟ್ಟು ಓದಿ ಸಹಿ ಹಾಕಿದರು. ವಿಷದ ಅಂಶವಿಲ್ಲ ಎಂದು ಪ್ರಯೋಗಾಲಯದಿಂದಲೂ ಬಂತು. ಆ ಕಾಗದ ಕಂಡ ಮೇಲೆ ಬಾವಿಕಟ್ಟೆಯಲ್ಲಿ ಇದ್ದವರಿಬ್ಬರು ಧೈರ್ಯ ಮಾಡಿ ಗಾಳ ಹಾಕಿದ್ದು ಹೌದು ಎಂದರು. ಗೋರಖನಾಥನಿಗೆ ಜಾಮೀನು ಸಿಕ್ಕಿತು. ಪ್ರಕರಣ ಕೈಬಿಡಬೇಕೆಂದು ಪೊಲೀಸರೇ ನ್ಯಾಯಾಲಯಕ್ಕೆ ಬರೆದರು. ಕೌಸಲ್ಯಾಬಾಯಿಗೆ ಇಲಾಖೆಯಿಂದ ನೋಟಿಸು ಬಂತು, ಒಂದು ಬಡ್ತಿ ತಡೆಯಿತು. ಅವಳು ಅದಕ್ಕೆ ತಕರಾರು ಮಾಡಲಿಲ್ಲ.

ಮೊದಲ ಮಳೆ ಬಿದ್ದ ಮೇಲೆ ಗೋರಖನಾಥ ಆಸ್ಪತ್ರೆಗೆ ಬಂದ. ಟೈಪ್ ಮಾಡುವ ಬಾಯಿಯವರು ಸುಮ್ಮನೆ ಕೂತಿದ್ದರೆ ನೀನಿನ್ನೂ ಒಳಗಿರುತ್ತಿದ್ದೆ ಎಂದು ಮಜೀದ ಅವನಿಗೆ ಹೇಳಿದ್ದನಂತೆ. ಒಣಗಿದ ಹುಡುಗ, ಕೈಮುಗಿದು ನಿಂತ. ನಿಮ್ಮ ಉಪಕಾರ ಮರೆಯುವುದಿಲ್ಲ ಎಂದ.

ಕೌಸಲ್ಯಾಬಾಯಿ ಎದ್ದು ನಿಂತಳು. “ಕೈಮುಗಿಬ್ಯಾಡಪ್ಪಾ. ಆ ಗಾಯ ಸತ್ತ ಮ್ಯಾಲಿಂದು ಅಂತ ಡಾಕ್ಟರ್ ಮೊದಲೇ ಖರೇ ಹೇಳಿದ್ರು. ಅದನ್ನ ಬಿಟ್ಟಾಕಿ ನಾನೇ. ನಿನ್ನ ಒಳಗ ಹಾಕ್ಸಿದ್ದು ನಾನೇ.”

ಅವನ ಕೈ ಕೆಳಗಿಳಿಯಿತು. ಬೈಯುತ್ತಾನೆಂದು ಅವಳು ಕಾದಳು. ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವನು ಕೇಳಿದ್ದು ಬೇರೆ.

“ಹಂಗಾದ್ರ, ಗಾಳ ತಾಗುವಾಗ ಆಕಿ ಜೀವ ಇರಲಿಲ್ಲೇನ್ರಿ?”

ಆಗ ಅವಳಿಗೆ ತಿಳಿಯಿತು. ವರದಿಯಲ್ಲಿ ಸಾವಿಗೆ ಮುಂಚಿನ ಗಾಯ ಎಂದಿತ್ತು. ಹೊಡೆದಿಲ್ಲವೆಂದು ಅವನಿಗೆ ಗೊತ್ತಿತ್ತು; ಗಾಳ ಹಾಕಿದ್ದೂ ಗೊತ್ತಿತ್ತು. ಹಾಗಾದರೆ ಬದುಕಿದ್ದ ಹೆಂಡತಿಯ ತಲೆಗೆ ತಾನೇ ಗಾಳ ಚುಚ್ಚಿ ಮತ್ತೆ ನೀರಿಗೆ ಕೆಡವಿದೆ ಎಂದು ಇಷ್ಟು ದಿನ ಆ ಗೋಡೆಗಳ ನಡುವೆ ನಂಬಿಕೊಂಡು ಕೂತಿದ್ದ. ಊಟ ಬಿಟ್ಟದ್ದು ಅದಕ್ಕೆ. ಕಾಗದ ತಿದ್ದಿದ್ದರಿಂದ ಬಿಡುಗಡೆಯಾಯಿತು ಎಂದಷ್ಟೇ ಅವನಿಗೆ ಹೇಳಿದ್ದರು, ಅದರಲ್ಲಿ ಏನಿದೆಯೆಂದು ಯಾರೂ ಬಿಡಿಸಿ ಹೇಳಿರಲಿಲ್ಲ.

“ಇರಲಿಲ್ಲಪ್ಪಾ. ಅದಕ್ಕ ಮೊದಲೇ ಹೋಗಿತ್ತು. ಆಕಿಗಿ ಏನೂ ತಿಳಿದಿಲ್ಲ,” ಎಂದಳು.

ಡಾಕ್ಟರರ ಬಾಯಿಂದಲೂ ಕೇಳಬೇಕೆಂದ. ಅವಳು ಒಳಗೆ ಕರೆದುಕೊಂಡು ಹೋದಳು. ಶಿವರಾಜಪ್ಪ ಅವನನ್ನು ಕುರ್ಚಿಯ ಮೇಲೆ ಕೂರಿಸಿ, ರಕ್ತ ಇಳಿಯುವುದು ಎಂದರೇನು, ಜೀವ ಇದ್ದರೆ ಗಾಯದ ಒಳಗೆ ಏನಾಗುತ್ತದೆ, ಅವಳಲ್ಲಿ ಅದು ಯಾಕೆ ಇರಲಿಲ್ಲ ಎಂಬುದನ್ನು ನಿಧಾನವಾಗಿ ಹೇಳಿದರು. ಅವನು ತಲೆ ಬಗ್ಗಿಸಿ ಕೇಳಿದ. ಹೊರಗೆ ಬಂದವನು ಕೌಸಲ್ಯಾಬಾಯಿಯ ಮೇಜಿನ ಮುಂದೆ ಒಂದು ಕ್ಷಣ ನಿಂತ. ಕ್ಷಮಿಸಿದೆ ಎನ್ನಲಿಲ್ಲ, ಅವಳೂ ಕೇಳಲಿಲ್ಲ. ಮಗಳನ್ನೂ ತಾಯಿಯನ್ನೂ ಕರೆದುಕೊಂಡು ಹೈದರಾಬಾದಿಗೆ ಹೋಗುತ್ತೇನೆ, ಆ ಬಾವಿಯ ನೀರು ಇನ್ನು ಕುಡಿಯುವುದಾಗುವುದಿಲ್ಲ ಎಂದು ಹೇಳಿ ಹೋದ.

ಅವಳು ನಮೂನೆಯಿಂದ ಆ ಸಾಲನ್ನು ತೆಗೆದುಹಾಕಿದಳು. ಅಂದಿನಿಂದ ಪ್ರತಿ ಗಾಯದ ಮುಂದೆಯೂ ಅದು ಸಾವಿಗೆ ಮುಂಚಿನದೋ ನಂತರದ್ದೋ ಎಂಬುದನ್ನು ಡಾಕ್ಟರರ ಬಾಯಿಂದ ಕೇಳಿಯೇ ಟೈಪ್ ಮಾಡುತ್ತಾಳೆ. ಕೇಳಿಸದಿದ್ದರೆ ಎದ್ದು ಹೋಗಿ ಕೇಳುತ್ತಾಳೆ. ಇದರಿಂದ ವರದಿ ತಡವಾಗುತ್ತದೆಂದು ಪೊಲೀಸರು ಗೊಣಗುತ್ತಾರೆ. ಜನ ಅವಳನ್ನು ಬಹಳ ಜಾಗರೂಕಳು ಎಂದು ಹೊಗಳಿದರೆ ಮಾತ್ರ ಅವಳಿಗೆ ಅಲ್ಲಿ ಕೂರಲಾಗುವುದಿಲ್ಲ.