ಅಜ್ಜಿಯ ಒಪ್ಪತ್ತು ಮತ್ತು ಮೂರನೇ ಪ್ರಶ್ನೆ

ಕೋವಿಡ್ ಕಳೆದು ಶಾಲೆಗಳು ಪೂರ್ತಿ ತೆರೆದ ವರ್ಷ ನಾನು ಯಳಂದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೂರನೇ ತರಗತಿಯ ಟೀಚರ್ ಆಗಿದ್ದೆ. ಮಕ್ಕಳಿಗೆ ಓದೇ ಮರೆತುಹೋಗಿತ್ತು, ಪಠ್ಯಪುಸ್ತಕ ತೆಗೆದರೆ ಆಕಳಿಸುತ್ತಿದ್ದರು. ಸರಿ, ಅವರ ಮನೆಯದೇ ಕಥೆ ಓದಲಿ ಎಂದು ನಾನೇ ಒಂದು ಬರೆದೆ.

ಕಥೆ ಇಷ್ಟೇ. ಸೋಮವಾರ ಅಜ್ಜಿಗೆ ಮಾದಪ್ಪನ ಒಪ್ಪತ್ತು, ಅಂದರೆ ಹಗಲೆಲ್ಲ ಉಪವಾಸ, ಸಂಜೆ ದೀಪ ಹಚ್ಚಿದ ಮೇಲೆ ಒಂದೇ ಊಟ. ಮೊಮ್ಮಗಳು ಅಜ್ಜಿಯ ಸೆರಗು ಹಿಡಿದುಕೊಂಡು ದಿನವಿಡೀ 'ಹಸಿವಾಗಲ್ವಾ ಅಜ್ಜಿ?' ಎಂದು ಕೇಳುತ್ತಾಳೆ. ಕೊನೆಗೆ ಮೂರು ಪ್ರಶ್ನೆ. ಅಜ್ಜಿಯ ಉಪವಾಸ ಯಾವ ವಾರ? ಇದರ ಉತ್ತರ ಕಥೆಯ ಸಾಲಿನಲ್ಲೇ ಇದೆ. ಮೊಮ್ಮಗಳಿಗೆ ಯಾಕೆ ಕಳವಳ? ಇದಕ್ಕೆ ಓದಿ ಯೋಚಿಸಬೇಕು. ನಿಮ್ಮ ಮನೆಯಲ್ಲಿ ಉಪವಾಸ ಇರುವವರು ಅವತ್ತು ಏನು ತೆಗೆದುಕೊಳ್ಳುತ್ತಾರೆ, ಏನು ಬಿಡುತ್ತಾರೆ? ಇದನ್ನು ಮನೆಯಲ್ಲಿ ಕೇಳಿಕೊಂಡು ಬರಬೇಕು.

"ಮೂರನೇದಕ್ಕೆ ಉತ್ತರ ಕಥೇಲೇ ಇಲ್ವಲ್ಲ ಮೇಡಂ, ತಿದ್ದೋದು ಹೆಂಗೆ?" ಎಂದರು ಹೆಡ್‌ಮಾಸ್ಟರು.

"ತಿದ್ದೋಕಲ್ಲ ಸಾರ್, ಕೇಳಿಸ್ಕೊಳ್ಳೋಕೆ" ಎಂದೆ. ನಾನು ಹಟಮಾರಿ, ಪ್ರಶ್ನೆ ತೆಗೆಯಲಿಲ್ಲ.

ಸೋಮವಾರ ಬಿಸಿಯೂಟ ಮುಗಿದ ಮೇಲೆ ಮೂರನೇ ಪ್ರಶ್ನೆಗೆ ಪವಿತ್ರ ಎದ್ದು ನಿಂತಳು. "ಮಿಸ್, ನಮ್ಮಜ್ಜೀಗೂ ಸೋಮ್ವಾರ್ವೇ ಒಪ್ಪತ್ತು. ನೀರು ಕುಡೀತದೆ, ಸಕ್ರೆ ಕಾಯ್ಲೆ ಮಾತ್ರೆ ನುಂಗ್ತದೆ. ಊಟ ಮಾಡಕ್ಕಿಲ್ಲ. ಆಮೇಲೆ ಬೆವ್ತು ಗಡಗಡ ನಡುಗ್ತದೆ. ಮಾದಪ್ಪ ಮೈಮೇಲೆ ಬಂದ ಅಂತ ಎಲ್ರೂ ಕೈ ಮುಗೀತಾರೆ."

ಆ ಮಾತ್ರೆಗಳಲ್ಲಿ ಕೆಲವು ಊಟ ಮಾಡದಿದ್ದರೂ ರಕ್ತದ ಸಕ್ಕರೆಯನ್ನು ಇಳಿಸುತ್ತವೆ. ಮೊದಲು ಬೆವರು, ನಡುಕ, ಮಂಕು. ಹಾಗೇ ಬಿಟ್ಟರೆ ಪ್ರಜ್ಞೆ ತಪ್ಪಿ ಜೀವಕ್ಕೇ ಕುತ್ತು ಬರಬಹುದು. ನನ್ನ ತಾಯಿಗೂ ಅದೇ ಕಾಯಿಲೆ, ಹಾಗಾಗಿ ಗೊತ್ತಿತ್ತು. ಪಕ್ಕದ ಟೀಚರಿಗೆ ತರಗತಿ ಒಪ್ಪಿಸಿ ಪವಿತ್ರಳ ಜೊತೆ ಓಡಿದೆ.

ಅಜ್ಜಿ ಜಗಲಿಯ ಮೇಲೆ ಕೂತು ನಡುಗುತ್ತಿದ್ದರು, ಸೀರೆ ಬೆವರಿಗೆ ಅಂಟಿಕೊಂಡಿತ್ತು. ಪಕ್ಕದ ಮನೆಯಾಕೆ ಆಗಲೇ ಕೈ ಮುಗಿದು ನಿಂತಿದ್ದರು. ನಾನು ಸಕ್ಕರೆ ನೀರು ಕಲಸಿ ಕೊಟ್ಟರೆ ಅಜ್ಜಿ ಲೋಟ ತಳ್ಳಿದರು.

"ದೀಪ ಅಚ್ದೆ ಬಾಯ್ಗೆ ಆಕಕ್ಕಿಲ್ಲ ಕಣವ್ವ. ಈ ಮಗಾ ಚೆಂದಾಗಿರ್ಲಿ ಅಂತ ಅರ್ಕೆ ಒತ್ತಿವ್ನಿ."

ನಾನು ಮತ್ತೆ ಲೋಟ ಮುಂದೆ ಹಿಡಿದೆ. ಅಷ್ಟರಲ್ಲಿ ಪವಿತ್ರ, "ದೀಪ ತಾನೇ ಅಜ್ಜಿ? ಈಗ್ಲೇ ಅಚ್ತೀನಿ" ಎಂದು ಒಳಗೆ ಓಡಿದಳು. ಸುಡುಬಿಸಿಲಿನ ಹೊತ್ತಿನಲ್ಲಿ ದೇವರ ಗೂಡಿನಲ್ಲಿ ದೀಪ ಉರಿಯಿತು. ಅಜ್ಜಿ ಬಾಗಿಲಿನಿಂದಲೇ ನೋಡಿ ಕೈ ಮುಗಿದು ಲೋಟ ಎತ್ತಿಕೊಂಡರು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು, ಆಮೇಲೆ ಮುದ್ದೆ ಉಣ್ಣಿಸಿ ಆಸ್ಪತ್ರೆಗೆ ಕರೆದೊಯ್ದೆವು.

"ಸಕ್ಕರೆ ಇಳಿದು ನಡುಗಿದ್ದು ಅಜ್ಜಿ. ಈ ಮಾತ್ರೆ ಊಟದ ಜೊತೆಗೇ ತಗೋಬೇಕು. ಉಪವಾಸ ಮಾಡೋ ಮುಂಚೆ ನನ್ನ ಕೇಳಿ, ನೀವಾಗೇ ಬಿಡಲೂ ಬೇಡಿ" ಎಂದ ಡಾಕ್ಟರು, ಸೋಮವಾರದ ಮಾತ್ರೆಯ ಹೊತ್ತು ಬದಲಿಸಿಕೊಟ್ಟರು.

ಉತ್ತರ ಗೊತ್ತಿರುವ ಪ್ರಶ್ನೆಗಳಿಂದ ಮಗು ಎಷ್ಟು ಓದಿದೆ ಎಂದು ತಿಳಿಯುತ್ತದೆ. ಟೀಚರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದು ಜೊತೆಗಿರಲೇಬೇಕು. ಕೆಲಸ ನನಗೆ ಕಲಿಸಿದ ಪಾಠ ಅದು.

ವಾಪಸ್ ಬರುವಾಗ ಆಟೋದಲ್ಲಿ ಅಜ್ಜಿ ಸಣ್ಣ ದನಿಯಲ್ಲಿ ಕೇಳಿದರು: "ಅಂಗಾರೆ ಇಷ್ಟ್ ದಿನ ಮಾದಪ್ಪ ಬತ್ತಿರ್ನಿಲ್ವಾ ಮಗಾ?"

ಪವಿತ್ರ ಅಜ್ಜಿಯ ತೊಡೆಗೆ ಒರಗಿ ಹೇಳಿದಳು: "ನಾನ್ ಬಂದ್ನಲ್ಲಜ್ಜಿ."