ತಂಗಿಯ ಅರ್ಜಿಯಲ್ಲಿ ನಾನು ತೆಗೆಸಿದ ಮಾತು

ನಾನು ಐದನೆಯ ತರಗತಿಗೆ ಶಾಲೆ ಬಿಟ್ಟು ಖಾನಾಪುರದ ಹಂಚಿನ ಕಾರ್ಖಾನೆಯೊಂದಕ್ಕೆ ಸೇರಿದವನು. ತಂಗಿ ಎಸ್ಸೆಸ್ಸೆಲ್ಸಿ ಪಾಸಾದಳು. ಎಪ್ಪತ್ತರ ದಶಕದ ಕೊನೆಗೆ ಬೆಳಗಾವಿಯ ಒಂದು ಖಾಸಗಿ ಆಸ್ಪತ್ರೆ ನರ್ಸ್ ತರಬೇತಿಗೆ ಹುಡುಗಿಯರನ್ನು ಕರೆಯಿತು. ಅರ್ಜಿ ಇಂಗ್ಲಿಷಿನಲ್ಲಿರಬೇಕು, ಸುಪರಿಂಟೆಂಡೆಂಟರಿಗೆ ಬರೆಯಬೇಕು ಎಂದಿತ್ತು. ಅವರು ಗಂಡಸೋ ಹೆಂಗಸೋ ನಮಗೆ ತಿಳಿಯದು.

ತಂಗಿ ಮೊದಲು ಕನ್ನಡದಲ್ಲಿ ಬರೆದಳು. ಮೇಲೆ "ಇವರಿಗೆ", ಕೆಳಗೆ ಹುದ್ದೆ, ಆಸ್ಪತ್ರೆ, ಊರು. ಆಮೇಲೆ "ಮಾನ್ಯರೇ". ಆ ಕುರ್ಚಿಯಲ್ಲಿ ಯಾರು ಕುಳಿತಿದ್ದರೂ ಆ ಒಂದು ಮಾತು ನಡೆಯುತ್ತಿತ್ತು. ಅದನ್ನು ಇಂಗ್ಲಿಷಿಗೆ ಮಾಡಿಸಲು ನಾನು ಬೆಳಗಾವಿಗೆ ಹೋದೆ. ಕೋರ್ಟಿನ ಹೊರಗೆ ಟೈಪ್ ಮಾಡುತ್ತ ಕೂರುವ ಮುದುಕರೊಬ್ಬರಿದ್ದರು.

ಅವರು ಟೈಪ್ ಮಾಡಿ, ಹಾಳೆ ತೆಗೆದು ಓದಿ ತೋರಿಸಿದರು. ಶುರುವಿಗೆ "ಡಿಯರ್ ಸರ್ ಆರ್ ಮ್ಯಾಡಮ್" ಎಂದಿತ್ತು.

"ಡಿಯರ್ ಅಂದ್ರ ಏನ್ರಿ?"

"ಪ್ರಿಯ ಅಂತ."

"ಗುರ್ತಿಲ್ಲದ ಮನಿಷಾಗ ನಮ್ಮ ತಂಗಿ ಪ್ರಿಯ ಅಂತ ಹೆಂಗ ಬರೀತಾಳ್ರಿ?"

ಮುದುಕರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮೂವತ್ತು ವರ್ಷ ಆತು ನಾ ಇದನ್ನ ಬಡಿಯಾಕತ್ತು. ಬಾಕಿ ಕೇಳೋ ಕಂಪನಿನೂ ಡಿಯರ್ ಸರ್ ಅಂತೈತಿ. ಅದೇನ್ ಪ್ರೀತಿ ಉಕ್ಕಿ ಬಂದಿರತೈತೇನೋ?"

"ಕೆಳಗ ಯುವರ್ಸ್ ಅಂತ ಬ್ಯಾರೆ ಐತಿ."

"ಕನ್ನಡದಾಗ ನಿನ್ನ ತಂಗಿನೂ 'ತಮ್ಮ ವಿಶ್ವಾಸಿ' ಅಂತ ಬರದಾಳ. ಅದನ್ನ್ಯಾಕ ಬಿಟ್ಟಿ? ರೂಢಿ ಐತೋ ಅದು, ರೂಢಿ."

ನನಗೆ ಅರ್ಥವಾಗಿತ್ತು. ಆದರೂ ಪಟ್ಟು ಬಿಡಲಿಲ್ಲ. ಸರಕಾರಿ ಅಧಿಕಾರಿಗಳಿಗೆ ಬರೇ "ಸರ್" ಎಂದು ಬರೆಯುವುದೂ ಉಂಟು, ಅದರಿಂದ ಮರ್ಯಾದೆ ಕಡಿಮೆಯಾಗುವುದಿಲ್ಲ ಎಂದು ಹೇಳಿ ಅವರು ಇನ್ನೊಂದು ಹಾಳೆ ಏರಿಸಿದರು. ಈ ಸಲ "ಸರ್ ಆರ್ ಮ್ಯಾಡಮ್" ಅಷ್ಟೇ.

ಮನೆಯಲ್ಲಿ ತಂಗಿ ಸಹಿ ಮಾಡುವ ಮುಂಚೆ ಕೇಳಿದಳು, "ಅಣ್ಣಾ, ಡಿಯರ್ ಎಲ್ಲಿ ಹೋತು? ಮಾಸ್ತರು ಹಾಕಬೇಕಂತ ಕಲಿಸ್ಯಾರ."

"ಸಾಹೇಬರಿಗೆ ಹಂಗ ಬರಿಯೂದಿಲ್ಲಂತ. ಟೈಪಿನವ್ರ ಹೇಳಿದ್ರು."

ಸಹಿ ಮಾಡಿ, ಕವರಿಗೆ ಅಂಟು ಹಚ್ಚಿ ನನ್ನ ಕೈಗೆ ಕೊಟ್ಟಳು. ಮರುದಿನ ಕಾರ್ಖಾನೆಯ ಕೆಲಸದ ಮೇಲೆ ನಾನು ಮತ್ತೆ ಬೆಳಗಾವಿಗೆ ಹೊರಟಿದ್ದೆ. ಆಸ್ಪತ್ರೆಯಲ್ಲೇ ಕೊಟ್ಟು ಬರುವುದೆಂದು ಮಾತಾಗಿತ್ತು. ರೈಲು ದೇಸೂರ ಸ್ಟೇಷನ್ ಬಿಟ್ಟ ಮೇಲೆ ಆ ಕವರನ್ನು ಹರಿದು ಕಿಟಕಿಯಿಂದ ಹೊರಗೆ ಬಿಟ್ಟೆ.

ಆಗ ಆ ಅರ್ಜಿಯಲ್ಲಿ ನನಗೆ ಒಪ್ಪಿಗೆಯಿಲ್ಲದ ಮಾತು ಒಂದೂ ಉಳಿದಿರಲಿಲ್ಲ. ಅವ್ವನಿಗೆ ಸಂಧಿವಾತವಿತ್ತು, ತಂಗಿ ಹೋದರೆ ಮನೆ ನೋಡುವವರಿರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಬಹುದಿತ್ತು. ಅವಳು ಬಿಳಿ ಸೀರೆಯುಟ್ಟು ಬೆಳಗಾವಿಯಲ್ಲಿ ಓಡಾಡುವುದು, ನಾನು ಮಣ್ಣಿನ ಕೈಯಲ್ಲಿ ಅವಳನ್ನು ನೋಡಲು ಹೋಗುವುದು ಕಣ್ಣಿಗೆ ಕಟ್ಟಿತ್ತು. ಇದನ್ನು ಹೇಳಲು ಆಗುತ್ತಿರಲಿಲ್ಲ.

ಎರಡು ತಿಂಗಳು ಅಂಚೆಯವನ ದಾರಿ ನೋಡಿದ ಮೇಲೆ ತಂಗಿ ತಾನೇ ಒಂದು ಕಾರಣ ಹುಡುಕಿಕೊಂಡಳು. "ಡಿಯರ್ ಹಾಕಿದ್ದಿಲ್ಲ ನೋಡು. ಸೊಕ್ಕಿನಾಕಿ ಅನಕೊಂಡಾರ." ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಆಮೇಲೆ ಓಣಿಯವರ ಅರ್ಜಿಗಳನ್ನೆಲ್ಲ ಅವಳೇ ಬರೆದುಕೊಡುತ್ತಿದ್ದಳು. "ಮಾನ್ಯರೇ" ಅವಳಿಗೆ ಸಾಲದಾಯಿತು. ಊರಿನ ಲೆಕ್ಕ ಬರೆಯುವ ತಲಾಠಿಗೆ ಬರೆದರೂ "ಸನ್ಮಾನ್ಯ ಅಧಿಕಾರಿಗಳವರ ಸನ್ನಿಧಿಗೆ" ಎಂದೇ ಶುರು. ತಲಾಠಿ ಒಮ್ಮೆ, "ಏನವಾ, ನನ್ನ ಗುಡಿಯೊಳಗ ಕುಂದರಸ್ತಿ ಏನ?" ಎಂದು ನಕ್ಕಿದ್ದರಂತೆ. ಇಂಗ್ಲಿಷ್ ಅರ್ಜಿಯನ್ನು ಮಾತ್ರ ಅವಳು ಮುಟ್ಟುತ್ತಿರಲಿಲ್ಲ.

ಎಂಬತ್ತರ ದಶಕದ ನಡುವೆ ಪಕ್ಕದ ಮನೆಯ ಹುಡುಗಿ ಅಂಥದೇ ತರಬೇತಿಗೆ ಅರ್ಜಿ ಬರೆಸಲು ಬಂದಳು. ನಾನು ಅಲ್ಲೇ ಊಟಕ್ಕೆ ಕುಳಿತಿದ್ದೆ. ತಂಗಿ ಹಾಳೆಯನ್ನು ಹಿಂದೆ ತಳ್ಳಿದಳು.

"ಇಂಗ್ಲಿಷ್ ಬ್ಯಾಡವಾ. ಮೊದಲನೇ ಸಾಲಿನಾಗ ಒಂದು ಮಾತು ಬಿಟ್ಟರ ಜನ್ಮ ಹೋಗತೈತಿ. ನಂದು ಹೋತಲ್ಲ. ಇಲ್ಲೇ ಹೊಲಿಗಿ ಕಲಿ."

ಹುಡುಗಿ ಎದ್ದು ನಿಂತಳು.

"ಬರದ ಕೊಡು," ಎಂದೆ. "ನಿಂದು ಆ ಮಾತಿಗೆ ಹೋಗಿಲ್ಲ. ನಾ ಅರ್ಜಿ ಕೊಡಲೇ ಇಲ್ಲ."

ತಂಗಿ ನನ್ನ ಕಡೆ ತಿರುಗಿದಳು. "ಏನ್ ಮಾಡಿದಿ ಅದನ್ನ?"

"ರೈಲಿನಾಗ ಹರದ ಒಗದೆ."

ಅವಳು ನನ್ನ ಕಡೆಯಿಂದ ಮುಖ ತಿರುಗಿಸಿದಳು. ಆಮೇಲೆ ಹುಡುಗಿಗೆ, "ಕುಂದರು," ಎಂದಳು. ಹಾಳೆಯನ್ನು ಹತ್ತಿರ ಎಳೆದುಕೊಂಡು, ಸುಪರಿಂಟೆಂಡೆಂಟರು ಹೆಂಗಸೋ ಗಂಡಸೋ ಎಂದು ಕೇಳಿದಳು. ಗೊತ್ತಿಲ್ಲ ಎಂದಳು ಹುಡುಗಿ. ತಂಗಿ ಸರ್, ಮ್ಯಾಡಮ್ ಎರಡನ್ನೂ ಬರೆದಳು.

ನಾನು ತಾಟು ಬಿಟ್ಟು ಏಳಲು ಹೋದಾಗ, ತಲೆಯೆತ್ತದೆ ಅಂದಳು, "ಉಂಡ ಹೋಗು. ಹುಡುಗಿ ಮುಂದ ಮಾತು ಬ್ಯಾಡ."

ಹುಡುಗಿ ಹೋದ ಮೇಲೂ ನಮ್ಮಿಬ್ಬರ ನಡುವೆ ಆ ಮಾತು ಬರಲಿಲ್ಲ. ಇಂದಿಗೂ ಬಂದಿಲ್ಲ.