ಒಪ್ಪೊತ್ತಿನ ದಿನ ಬಂದ ನೂರಾ ಮೂವತ್ತಮೂರು

ಕಾರ್ತಿಕದ ಸೋಮವಾರ ಸಕ್ಕರೆ ಕಾಯಿಲೆಯ ಶಿಬಿರ ಇಟ್ಟವಳು ನಾನೇ. ತಪ್ಪನ್ನು ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ. ಶನಿವಾರ ಜನರೆಲ್ಲ ಸಂತೆಗೆ ಹೋಗಿರುತ್ತಾರೆ, ಭಾನುವಾರ ಮದುವೆ, ನಾಮಕರಣ ಎಂದು ಓಡಾಡುತ್ತಾರೆ; ಸೋಮವಾರವಾದರೆ ಕೈಗೆ ಸಿಗುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಶನಿವಾರಸಂತೆಯಿಂದ ಆಚೆಗಿನ ಹಳ್ಳಿಯೊಂದರ ಉಪಕೇಂದ್ರದಲ್ಲಿ ನಾನು ಆರೋಗ್ಯಾಧಿಕಾರಿ. ಅಧಿಕಾರಿ ಅನ್ನುವುದೆಲ್ಲ ಬೋರ್ಡಿನ ಮೇಲೆ ಮಾತ್ರ, ಊರವರಿಗೆ ನಾನು ಸಿಸ್ಟರ್.

ಶಾಲೆಯ ಜಗುಲಿಯಲ್ಲಿ ಮಧ್ಯಾಹ್ನ ಮೂರಕ್ಕೆ ಮೇಜು ಹಾಕಿದೆವು. ಆಶಾ ಕಾರ್ಯಕರ್ತೆ ಹೆಸರು ಬರೆದು ಸಾಲು ನಿಲ್ಲಿಸುತ್ತಿದ್ದಳು. ನಾನು ಬೆರಳು ಒರೆಸಿ, ಚುಚ್ಚಿ, ರಕ್ತದ ಹನಿಯನ್ನು ಪಟ್ಟಿಗೆ ಮುಟ್ಟಿಸಿ ಮೀಟರು ನೋಡುತ್ತಿದ್ದೆ. ಶಿಬಿರದ ನಿಯಮ ಸರಳ. ಉಂಡು ಬರಲಿ, ಉಣ್ಣದೆ ಬರಲಿ, ಬಂದ ಹೊತ್ತಿಗೆ ಬೆರಳಿನ ರಕ್ತ ನೋಡುವುದು. ನೂರಾ ನಲವತ್ತು ದಾಟಿದರೆ ಚೀಟಿ ಬರೆದು ತಾಲ್ಲೂಕು ಆಸ್ಪತ್ರೆಯ ಲ್ಯಾಬಿಗೆ ಕಳಿಸುವುದು. ಕಾಯಿಲೆ ಇದೆಯೋ ಇಲ್ಲವೋ ಅನ್ನುವುದು ತೀರ್ಮಾನವಾಗುವುದು ಅಲ್ಲಿಯೇ, ನನ್ನ ಮೇಜಿನ ಮೇಲಲ್ಲ. ಇದು ನನಗೆ ಬಾಯಿಪಾಠ. ಆದರೂ ಅವತ್ತು ಮರೆತೆ.

ಶಾಲೆಯ ಬಿಸಿಯೂಟದ ಅಡುಗೆಯಕ್ಕ ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸುತ್ತ ಬಂದು ಕುಳಿತಳು. ನಲವತ್ತೈದರ ಆಸುಪಾಸು, ಗಟ್ಟಿಗಿತ್ತಿ.

“ಸಕ್ಕರೆ ಇದೆ ಅಂತ ಮಾತ್ರ ಹೇಳ್ಬೇಡಿ ಸಿಸ್ಟರ್. ನಮ್ಮವ್ವಂಗೆ ಇದ್ರಲ್ಲೇ ಕಾಲು ತೆಗೆದ್ರು. ನಂಗೂ ಹಂಗಾದ್ರೆ ಏನ್ಮಾಡ್ಲಿ? ನಿಂತು ಮಾಡೋ ಕೆಲಸ ನಂದು.”

ಮೀಟರಿನಲ್ಲಿ ನೂರಾ ಮೂವತ್ತಮೂರು ಬಂತು.

“ಏನೂ ಇಲ್ಲ ಅಕ್ಕ, ಹಾಯಾಗಿ ಹೋಗಿ!” ಎಂದೆ. ಅವಳು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಹೋದಳು. ಫಾರಂನಲ್ಲಿ ಕೊನೆಯ ಊಟ ಯಾವಾಗ ಎಂಬ ಕಾಲಂ ಇದೆ. ಕೇಳಲೇ ಇಲ್ಲ. ಮಧ್ಯಾಹ್ನ ಮೂರಾಗಿದೆ, ಊರಿಗೆಲ್ಲ ಬಡಿಸಿದ ಕೈ, ಉಣ್ಣದೆ ಇರುತ್ತಾಳೆಯೇ? ಊಟ ಆಗಿದೆ ಎಂದು ಗೀಚಿದೆ. ಅವಳೊಬ್ಬಳಿಗೇ ಅಲ್ಲ, ಎಲ್ಲರಿಗೂ ಹಾಗೆಯೇ ಗೀಚಿದ್ದೆ.

ಸಾಲು ಮುಗಿದಾಗ ನೂರಾ ನಲವತ್ತು ದಾಟಿದವರು ಇಬ್ಬರೇ. ಎಂಥ ಆರೋಗ್ಯವಂತ ಊರಪ್ಪಾ ಇದು ಎಂದು ನನಗೆ ಹಿಗ್ಗೋ ಹಿಗ್ಗು. ಉಳಿದಿದ್ದ ಏಳೆಂಟು ಮಂದಿಗೆ ಟೀ, ಬಿಸ್ಕತ್ತು ಕೊಡು ಎಂದು ಆಶಾಗೆ ಹೇಳಿದೆ. ತಟ್ಟೆ ಹೋದ ಹಾಗೆಯೇ ವಾಪಸು ಬಂತು.

“ಯಾರೂ ಮುಟ್ಟಲ್ಲ ಮೇಡಂ. ಕಾರ್ತಿಕ ಸೋಮವಾರ ಅಲ್ವಾ, ಎಲ್ಲಾ ಒಪ್ಪೊತ್ತು. ಸಂಜೆ ಪೂಜೆ ಆದ್ಮೇಲೇ ಊಟ” ಎಂದಳು ಆಶಾ.

ಫಾರಂಗಳ ಕಟ್ಟನ್ನು ಮತ್ತೆ ಬಿಚ್ಚಿದೆ. ನನ್ನ ತವರಲ್ಲಿ ಅಮ್ಮ ಇವತ್ತಿಗೂ ಒಪ್ಪೊತ್ತು ಮಾಡುತ್ತಾಳೆ, ನಾನೂ ಮದುವೆಯ ತನಕ ಮಾಡಿದವಳೇ. ಗೊತ್ತಿರಲಿಲ್ಲ ಎಂದು ನೆಪ ಹೇಳುವ ಹಾಗೂ ಇಲ್ಲ. ನೂರಾ ನಲವತ್ತರ ಗೆರೆ ಎಳೆದಿರುವುದು ಜನ ಉಂಡೋ ತಿಂದೋ ಬಂದಿರುತ್ತಾರೆ ಎಂಬ ಲೆಕ್ಕದಲ್ಲಿ. ಹಿಂದಿನ ರಾತ್ರಿಯಿಂದ ಏನೂ ತಿನ್ನದವರ ರಕ್ತದಲ್ಲಿ ನೂರಾ ಇಪ್ಪತ್ತಾರು ಬಂದರೇ ಅನುಮಾನ ಪಡಬೇಕು. ಹಸಿದ ಹೊಟ್ಟೆಯಲ್ಲಿ ನೂರಾ ಮೂವತ್ತಮೂರು! ಅದಕ್ಕೆ ನಾನು ಹಾಯಾಗಿ ಹೋಗಿ ಅಂದಿದ್ದೆ. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ!

ಅಲ್ಲಿಂದಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಫೋನ್ ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ, ಬಯ್ಯಲಿಲ್ಲ. “ಮೊದಲು ಯಾರ್ಯಾರು ಉಪವಾಸ ಇದ್ರು ಕೇಳಿ ಬರ್ಕೊಳಿ. ಅವರಲ್ಲಿ ನೂರಾ ಇಪ್ಪತ್ತಾರು, ಅದಕ್ಕಿಂತ ಮೇಲೆ ಬಂದವ್ರನ್ನ ಸೀದಾ ಲ್ಯಾಬಿಗೆ ಕಳ್ಸಿ. ನೂರರಿಂದ ನೂರಾ ಇಪ್ಪತ್ತೈದರವರನ್ನ ಇನ್ನೊಂದಿನ ಊಟ ಆದ್ಮೇಲೆ ನೋಡೋಣ” ಎಂದರು. ಆಶಾ ಮತ್ತು ನಾನು ಕತ್ತಲಾಗುವ ತನಕ ಮನೆಮನೆ ಸುತ್ತಿದೆವು. ಲ್ಯಾಬಿಗೆ ಕಳಿಸಬೇಕಾದವರು ಇನ್ನೂ ನಾಲ್ವರು ಸಿಕ್ಕರು. ಮೂವರು ಗೊಣಗುತ್ತ ಚೀಟಿ ತೆಗೆದುಕೊಂಡರು. ನಾಲ್ಕನೆಯವಳು ಅಡುಗೆಯಕ್ಕ, ಒಪ್ಪೊತ್ತಿನ ಪೂಜೆಗೆಂದು ದೇವಸ್ಥಾನಕ್ಕೆ ಹೋಗಿದ್ದಳು.

ಮರುದಿನ ಬೆಳಿಗ್ಗೆ ಶಾಲೆಯ ಅಡುಗೆಮನೆಗೇ ಹೋದೆ. ಅವಳು ಕುಂಬಳಕಾಯಿ ಹೆಚ್ಚುತ್ತಿದ್ದಳು. ನಾನು ಹೇಳಿ ಮುಗಿಸುವ ತನಕ ಚಾಕು ನಿಲ್ಲಲಿಲ್ಲ. ಆಮೇಲೆ ಟಪ್ಪೆಂದು ಕೆಳಗಿಟ್ಟಳು.

“ನಿನ್ನೆ ಏನಂದ್ರಿ ನೀವು? ಏನೂ ಇಲ್ಲ ಅನ್ಲಿಲ್ವಾ? ದೇವ್ರಿಗೆ ಎರಡು ದೀಪ ಜಾಸ್ತಿ ಹಚ್ಚಿ ಬಂದೀನಿ. ಈಗ ಬಂದು ಇದೆ ಅಂತೀರಲ್ಲ, ಹುಡುಗಾಟನಾ ಇದು?”

“ಇದೆ ಅಂತಿಲ್ಲ ಅಕ್ಕ. ಇಲ್ಲ ಅಂದಿದ್ದು ನನ್ ತಪ್ಪು ಅಂತಿದೀನಿ. ಊಟ ಆಯ್ತಾ ಅಂತ ಕೇಳ್ಬೇಕಿತ್ತು, ಕೇಳ್ಲಿಲ್ಲ.”

“ನಾನು ಬರಲ್ಲ. ಗೊತ್ತಾಗೋದೇ ಬೇಡ.”

ನನಗೂ ರೇಗಿತು. ನನ್ನದು ಮೊದಲೇ ಹರಿತ ಬಾಯಿ. “ಗೊತ್ತಾಗದಿದ್ರೆ ಕಾಯಿಲೆ ಸುಮ್ನಿರತ್ತಾ? ಗೊತ್ತಾಗೋದು ತಡ ಆಗಿದ್ದಕ್ಕೇ ನಿಮ್ಮವ್ವನ ಕಾಲು ಹೋಗಿದ್ದು!” ಎಂದುಬಿಟ್ಟೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಹೋಳುಗಳನ್ನೆಲ್ಲ ಪಾತ್ರೆಗೆ ಸುರಿದು, ಒಲೆ ಹಚ್ಚಿ, ನನ್ನತ್ತ ತಿರುಗದೆಯೇ ಕೇಳಿದಳು: “ಎಷ್ಟೊತ್ತಿಗೆ ಬಸ್ಸು?”

ಗುರುವಾರ ಬೆಳಗಿನ ಮೊದಲ ಬಸ್ಸಿನಲ್ಲಿ ನಾನೇ ಜೊತೆಗೆ ಹೋದೆ. ದಾರಿಯುದ್ದಕ್ಕೂ ಅವಳ ಮುಖ ಕಿಟಕಿಯ ಕಡೆಗೇ. ಲ್ಯಾಬಿನಲ್ಲಿ ಖಾಲಿ ಹೊಟ್ಟೆಯ ರಕ್ತವನ್ನು ತೋಳಿನ ನರದಿಂದ ತೆಗೆದರು. ಗ್ಲೂಕೋಸು ನೀರು ಕುಡಿಸಿದರು. ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿ ಮತ್ತೆ ತೆಗೆದರು. “ಥೂ, ಎಂಥ ಸಿಹಿ! ಇದ್ನ ಕುಡಿದ್ರೆ ಇಲ್ದೋರ್ಗೂ ಬರತ್ತೆ” ಎಂದಳು. ಅವತ್ತು ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. ನನಗೆ ಜೀವ ಬಂದ ಹಾಗಾಯಿತು.

ಮಧ್ಯಾಹ್ನ ರಿಪೋರ್ಟು ಬಂತು. ಖಾಲಿ ಹೊಟ್ಟೆಯಲ್ಲಿ ನೂರಾ ಮೂವತ್ತೊಂದು, ಎರಡು ಗಂಟೆಯ ನಂತರ ಇನ್ನೂರಾ ಹದಿನೆಂಟು. ಒಂದು ನೂರಾ ಇಪ್ಪತ್ತಾರನ್ನು ದಾಟಿತ್ತು, ಇನ್ನೊಂದು ಇನ್ನೂರನ್ನು. ಎರಡೂ ಗೆರೆಯಾಚೆ ಇದ್ದದ್ದರಿಂದ ಅನುಮಾನಕ್ಕೆ ಜಾಗವಿರಲಿಲ್ಲ. ಆಸ್ಪತ್ರೆಯ ಡಾಕ್ಟರಮ್ಮ ಸಮಾಧಾನವಾಗಿ ಹೇಳಿದರು: ಸಕ್ಕರೆ ಕಾಯಿಲೆ ಇದೆ, ಆದರೆ ಈಗಷ್ಟೇ ಶುರುವಾದ ಹಾಗೆ ಕಾಣುತ್ತದೆ, ಮಾತ್ರೆ, ಊಟದ ಹಿಡಿತ, ದಿನಾ ನಡಿಗೆ. ಅಡುಗೆಯಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡಳು. ಅತ್ತಾಳು ಎಂದು ನಾನು ಕಾದೆ. ಅವಳು ಅಳಲಿಲ್ಲ.

“ಮಲಗಿ ಅಮ್ಮ, ಪಾದ ನೋಡೋಣ. ಕಣ್ಣು ಮುಚ್ಚಿಕೊಳ್ಳಿ, ಮುಟ್ಟಿದ್ದು ಗೊತ್ತಾದ್ರೆ ಹೂಂ ಅನ್ನಿ” ಎಂದ ಡಾಕ್ಟರಮ್ಮ ಮೀನಿನ ಗಾಳದ ದಾರದಂಥ ಸಣ್ಣ ಎಳೆಯೊಂದನ್ನು ಕೈಗೆತ್ತಿಕೊಂಡರು. ಹೆಬ್ಬೆರಳಿಗೆ ಮುಟ್ಟಿಸಿದರು.

“ಹೂಂ.”

ಕಿರುಬೆರಳು. “ಹೂಂ.” ಅಂಗಾಲು. “ಹೂಂ.” ಇನ್ನೊಂದು ಪಾದ. ಒಂದು ಕಡೆಯೂ ತಪ್ಪಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಯಾರಾದರೂ ನೋಡಿಯಾರೆಂದು ಗೋಡೆಯ ಕಡೆ ತಿರುಗಿದೆ.

ಹೊರಗೆ ಬಂದು ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ಹಾಗೆಯೇ ಕುಳಿತುಬಿಟ್ಟಳು.

“ನಮ್ಮವ್ವನ್ನೂ ಹಿಂಗೇ ಮಲಗ್ಸಿ, ಕಣ್ಣು ಮುಚ್ಚಿಸಿ ನೋಡಿದ್ರು ಸಿಸ್ಟರ್. ನಾನು ಪಕ್ಕದಲ್ಲೇ ನಿಂತಿದ್ದೆ. ಆ ಡಾಕ್ಟ್ರು ಎರಡೂ ಕಾಲೆಲ್ಲ ಮುಟ್ಟಿ ಮುಗಿಸಿದ್ರು. ಆಮೇಲೆ ಅವ್ವ ಕೇಳ್ತು, ‘ಮುಟ್ಟೋದು ಯಾವಾಗ ಶುರು ಮಾಡ್ತೀರ ಡಾಕ್ಟ್ರೇ?’ ಅಂತ.”